ಬೀಗದ ಪೆಟ್ಟಿಗೆಗಿಂತ ಮೊದಲು ಸಾವಿನ ಲೆಕ್ಕ: ಪೀಡೆನಾಶಕ ಆತ್ಮಹತ್ಯೆ ತಡೆಗೆ ಜಿಲ್ಲಾ ಯೋಜಕರಿಗೊಂದು ಮಾರ್ಗದರ್ಶಿ

ಆತ್ಮಹತ್ಯೆ ತಡೆಗೆಂದು ಜಿಲ್ಲೆಗೆ ಒಂದಿಷ್ಟು ಹಣ ಬಂದರೆ ಮೊದಲು ಕೇಳಿಬರುವ ಪ್ರಸ್ತಾವ ಹೆಚ್ಚುಕಡಿಮೆ ಒಂದೇ. ರೈತರ ಮನೆಗಳಿಗೆ ಬೀಗ ಹಾಕುವ ಪೆಟ್ಟಿಗೆ ಹಂಚೋಣ, ಪೀಡೆನಾಶಕವನ್ನು ಅದರೊಳಗೆ ಇಡಲಿ, ಕೀಲಿ ಮನೆಯ ಹಿರಿಯರ ಬಳಿ ಇರಲಿ. ಕೇಳಲು ಸರಿಯಾಗಿಯೇ ಇದೆ. ಹಂಚಿದ್ದನ್ನು ಎಣಿಸಬಹುದು, ಫೋಟೊ ತೆಗೆಯಬಹುದು, ವರದಿಗೂ ಒಗ್ಗುತ್ತದೆ. ಆದರೆ ಹಣ ಬಿಡುಗಡೆ ಮಾಡುವ ಮುನ್ನ ಶ್ರೀಲಂಕಾದ ಅನುರಾಧಪುರ ಜಿಲ್ಲೆಯಲ್ಲಿ ಇದೇ ಕೆಲಸ ಮಾಡಿ ನೋಡಿದವರಿಗೆ ಏನು ಸಿಕ್ಕಿತು ಎಂಬುದನ್ನು ಓದಿಕೊಳ್ಳಬೇಕು.

ಅಲ್ಲಿ 180 ಹಳ್ಳಿಗಳನ್ನು ಚೀಟಿ ಎತ್ತಿದಂತೆ ಎರಡು ಪಾಲು ಮಾಡಿ, ಒಂದು ಪಾಲಿನ ರೈತ ಮನೆಗಳಿಗೆ ಬೀಗವಿರುವ ಪೆಟ್ಟಿಗೆ ಕೊಟ್ಟರು, ಇನ್ನೊಂದಕ್ಕೆ ಕೊಡಲಿಲ್ಲ. ಸುಮಾರು 53 ಸಾವಿರ ಮನೆಗಳು, ಎರಡು ಲಕ್ಷಕ್ಕೂ ಹೆಚ್ಚು ಜನ. ಬೀಗದ ಪೆಟ್ಟಿಗೆಗಳ ಬಗ್ಗೆ ಇಷ್ಟು ದೊಡ್ಡ ಪ್ರಯೋಗ ಅದಕ್ಕೂ ಮೊದಲು ನಡೆದಿರಲಿಲ್ಲ. 2017ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ಪೆಟ್ಟಿಗೆ ಪಡೆದ ಹಳ್ಳಿಗಳಲ್ಲಿ ಪೀಡೆನಾಶಕ ಸೇವಿಸಿದ ಪ್ರಕರಣಗಳು ವರ್ಷಕ್ಕೆ ಲಕ್ಷ ಜನರಲ್ಲಿ 293, ಪಡೆಯದ ಹಳ್ಳಿಗಳಲ್ಲಿ 318. ಇಷ್ಟು ಸಣ್ಣ ಅಂತರ ಕಾಕತಾಳೀಯವಾಗಿಯೂ ಬರಬಹುದು. ಪೆಟ್ಟಿಗೆಯಿಂದ ತಡೆಯಾಯಿತು ಎಂದು ಹೇಳಲು ಆಧಾರ ಸಿಗಲಿಲ್ಲ.

ಕಾರಣ ಊಹಿಸುವುದು ಕಷ್ಟವಲ್ಲ. ಕೀಲಿ ಮನೆಯಲ್ಲೇ ಇರುತ್ತದೆ, ಅದು ಎಲ್ಲಿದೆಯೆಂದು ಮನೆಯವರಿಗೆಲ್ಲ ಗೊತ್ತು. ಅನೇಕ ವೇಳೆ ಅಪಾಯದಲ್ಲಿರುವ ವ್ಯಕ್ತಿಯೇ ಕೀಲಿ ಇಟ್ಟುಕೊಂಡವನು. ಸಿಂಪಡಣೆಯ ದಿನಗಳಲ್ಲಿ ಪೆಟ್ಟಿಗೆಗೆ ಬೀಗ ಹಾಕುವುದು ಬೇಸರದ ಕೆಲಸವಾಗಿ, ತಿಂಗಳುಗಳು ಕಳೆದಂತೆ ಬೀಗ ಹಾಕುವವರು ಕಡಿಮೆಯಾಗುತ್ತಾರೆ. ಇದಕ್ಕೂ ಮೊದಲು ಶ್ರೀಲಂಕಾದಲ್ಲೇ ನಡೆದ ಸಣ್ಣ ಪ್ರಯೋಗವೊಂದರಲ್ಲಿ ಇನ್ನೂ ಕೆಟ್ಟ ತಿರುವು ಕಂಡಿತ್ತು. ಹಿಂದೆ ಹೊಲದಲ್ಲೇ ಡಬ್ಬಿ ಇಡುತ್ತಿದ್ದ ಕುಟುಂಬಗಳು ಪೆಟ್ಟಿಗೆ ಸಿಕ್ಕಿತೆಂದು ಅದನ್ನು ಮನೆಗೆ ತಂದಿಟ್ಟವು. ದೂರವಿದ್ದ ವಿಷ ಹತ್ತಿರ ಬಂತು.

ಮಕ್ಕಳು ಆಕಸ್ಮಿಕವಾಗಿ ಕುಡಿಯುವುದನ್ನು ತಡೆಯಲು ಪೆಟ್ಟಿಗೆ ಬೇಡವೆಂದು ನಾನು ಹೇಳುತ್ತಿಲ್ಲ. ಆತ್ಮಹತ್ಯೆ ತಡೆಯ ಹಣ ಅದಕ್ಕೆ ಹೋಗಬಾರದು ಎಂಬುದಷ್ಟೇ ನನ್ನ ಮಾತು. ಆ ಹಣಕ್ಕೆ ಇನ್ನೂ ಅಗ್ಗದ, ಪುರಾವೆ ಗಟ್ಟಿಯಿರುವ ಕೆಲಸವಿದೆ. ಯಾವ ಉತ್ಪನ್ನ ಜನರನ್ನು ಕೊಲ್ಲುತ್ತಿದೆ ಎಂದು ಪತ್ತೆ ಹಚ್ಚಿ, ಅದು ಮಾರುಕಟ್ಟೆಯಿಂದಲೇ ಹೊರಬೀಳುವಂತೆ ಮಾಡುವುದು.

ಉತ್ಪನ್ನ ಬದಲಾದರೆ ಸಾವು ಕಡಿಮೆಯಾಗುವುದೇಕೆ

ಯೋಜನಾ ಸಭೆಯಲ್ಲಿ ಒಬ್ಬರಾದರೂ ಕೇಳುತ್ತಾರೆ: ಸಾಯಲೇಬೇಕೆಂದು ಹೊರಟವರು ಇದು ಸಿಗದಿದ್ದರೆ ಇನ್ನೊಂದು ದಾರಿ ಹುಡುಕುವುದಿಲ್ಲವೇ? ಪ್ರಶ್ನೆ ನ್ಯಾಯವಾದದ್ದೇ. ಉತ್ತರ ಎರಡು ಭಾಗದಲ್ಲಿದೆ.

ಮೊದಲನೆಯದು ಸಮಯ. ಶ್ರೀಲಂಕಾದ ಗ್ರಾಮೀಣ ಆಸ್ಪತ್ರೆಗಳಲ್ಲಿ ವಿಷ ಸೇವಿಸಿ ಬದುಕುಳಿದವರನ್ನು ಕೇಳಿದಾಗ ಅರ್ಧಕ್ಕಿಂತ ಹೆಚ್ಚು ಮಂದಿ ಅರ್ಧ ಗಂಟೆಗಿಂತಲೂ ಕಡಿಮೆ ಹೊತ್ತು ಯೋಚಿಸಿದ್ದರು. ಜಗಳ, ಅವಮಾನ, ಸಾಲಗಾರನ ಮಾತು, ಕುಡಿತ, ಹೀಗೆ ಯಾವುದೋ ಒಂದು ಗಳಿಗೆಯಲ್ಲಿ ಕೈಗೆ ಸಿಕ್ಕಿದ್ದನ್ನು ಎತ್ತಿಕೊಂಡಿದ್ದರು. ಇಷ್ಟು ವಿಷಕಾರಿಯಾದದ್ದೇ ಬೇಕೆಂದು ಆರಿಸಿಕೊಂಡವರು ಕಡಿಮೆ. ಹಾಗಾಗಿ ಆ ಗಳಿಗೆ ದಾಟಿಸಿದರೆ ಬಹುಪಾಲು ಜನ ಮತ್ತೆ ಅಲ್ಲಿಗೆ ಹೋಗುವುದಿಲ್ಲ. ಅಮೆರಿಕದ ಗೋಲ್ಡನ್ ಗೇಟ್ ಸೇತುವೆಯಲ್ಲಿ 1937ರಿಂದ 1971ರವರೆಗೆ ಹಾರಲು ಬಂದಾಗ ತಡೆದು ಹಿಂದೆ ಕಳಿಸಿದ 515 ಜನರ ಮುಂದಿನ ಬದುಕನ್ನು ಸಂಶೋಧಕ ರಿಚರ್ಡ್ ಸೀಡನ್ ಹಿಂಬಾಲಿಸಿದರು. ಸುಮಾರು ಶೇ. 94 ಮಂದಿ ಒಂದೋ ಬದುಕಿದ್ದರು, ಇಲ್ಲವೇ ಸಹಜ ಕಾರಣದಿಂದ ತೀರಿಕೊಂಡಿದ್ದರು.

ಎರಡನೆಯದು ಉತ್ಪನ್ನಗಳ ನಡುವಿನ ಅಂತರ. ಯೋಜಕರಿಗೆ ಹೆಚ್ಚು ಕೆಲಸಕ್ಕೆ ಬರುವುದು ಇದೇ. ಪೀಡೆನಾಶಕಗಳೆಲ್ಲ ಒಂದೇ ಬಗೆಯ ವಿಷ ಎಂಬ ಭಾವನೆ ತಪ್ಪು. ಶ್ರೀಲಂಕಾದ ಆಸ್ಪತ್ರೆಗಳಲ್ಲಿ ಸಾವಿರಾರು ರೋಗಿಗಳನ್ನು ಅನುಸರಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೆಲವು ಉತ್ಪನ್ನಗಳನ್ನು ಸೇವಿಸಿದವರಲ್ಲಿ ಒಬ್ಬರೂ ಸತ್ತಿರಲಿಲ್ಲ. ಇನ್ನೊಂದನ್ನು ಸೇವಿಸಿದವರಲ್ಲಿ ನೂರಕ್ಕೆ ನಲವತ್ತಕ್ಕೂ ಹೆಚ್ಚು ಮಂದಿ ಸತ್ತಿದ್ದರು. ರೈತನಿಗೆ ಎರಡೂ ಅಂಗಡಿಯ ಒಂದೇ ಕಪಾಟಿನಲ್ಲಿ ಸಿಗುತ್ತವೆ. ಇಲಿಗಳ ಮೇಲಿನ ಪರೀಕ್ಷೆಯಿಂದ ಮಾಡಿದ ವಿಷ ವರ್ಗೀಕರಣ ಈ ಅಂತರವನ್ನು ಸರಿಯಾಗಿ ಹಿಡಿಯುವುದಿಲ್ಲ ಎಂದೂ ಆ ಅಧ್ಯಯನ ತೋರಿಸಿತು. ಡಬ್ಬಿಯ ಮೇಲೆ ಒಂದೇ ಬಣ್ಣದ ಗುರುತಿರುವ ಎರಡು ಉತ್ಪನ್ನಗಳಲ್ಲಿ ಒಂದು ಹತ್ತು ಪಟ್ಟು ಹೆಚ್ಚು ಜನರನ್ನು ಕೊಲ್ಲುತ್ತಿರಬಹುದು. ಇದನ್ನು ಹೇಳಬಲ್ಲದ್ದು ಆಸ್ಪತ್ರೆಯ ದಾಖಲೆ ಮಾತ್ರ, ಮತ್ತು ಆ ದಾಖಲೆ ಇರುವುದು ಜಿಲ್ಲೆಯಲ್ಲಿ.

ಶ್ರೀಲಂಕಾ ನಡೆದ ದಾರಿ

1995ರಲ್ಲಿ ಶ್ರೀಲಂಕಾದ ಆತ್ಮಹತ್ಯೆ ಪ್ರಮಾಣ ಲಕ್ಷಕ್ಕೆ 47. ಆಗ ಜಗತ್ತಿನಲ್ಲೇ ಅತಿ ಹೆಚ್ಚಿನವುಗಳಲ್ಲಿ ಒಂದು. ಹತ್ತು ವರ್ಷಗಳಲ್ಲಿ ಅದು 24ಕ್ಕೆ ಇಳಿಯಿತು, ಆಮೇಲೂ ಇಳಿಯುತ್ತಲೇ ಹೋಯಿತು. ಒಟ್ಟು ಇಳಿಕೆ ಶೇ. 70ರಷ್ಟು. 1995ರಿಂದ 2015ರವರೆಗೆ ಸುಮಾರು 93,000 ಜೀವಗಳು ಉಳಿದವು ಎಂಬ ಅಂದಾಜಿದೆ. ಸರ್ಕಾರ ಇದಕ್ಕೆ ನೇರವಾಗಿ ಖರ್ಚು ಮಾಡಿದ್ದು ಒಂದು ಜೀವಕ್ಕೆ 50 ಡಾಲರಿಗೂ ಕಡಿಮೆ.

ಇದು ಒಂದೇ ಆದೇಶದಿಂದ ಆದದ್ದಲ್ಲ. 1984ರಲ್ಲಿ ಎರಡು ಅತಿ ವಿಷಕಾರಿ ಕೀಟನಾಶಕಗಳು ನಿಷೇಧವಾದವು. 1995ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ವಿಷ ವರ್ಗೀಕರಣದ ಒಂದನೇ, ಅಂದರೆ ಅತಿ ವಿಷಕಾರಿ ವರ್ಗದಲ್ಲಿ ಉಳಿದಿದ್ದ ಕೀಟನಾಶಕಗಳೂ ಹೊರಬಿದ್ದವು. ರೈತರು ಅವುಗಳ ಜಾಗದಲ್ಲಿ ಎಂಡೋಸಲ್ಫಾನ್ ಕೊಳ್ಳತೊಡಗಿದರು. ಆಗ ಆಸ್ಪತ್ರೆಗಳಲ್ಲಿ ಹೊಸ ಬಗೆಯ ಸಾವು ಕಾಣಿಸಿಕೊಂಡಿತು. ನಿಲ್ಲದ ಅಪಸ್ಮಾರದಿಂದ ಸತ್ತವರ ದಾಖಲೆ 1994ರಲ್ಲಿ ಒಂದು ಇದ್ದದ್ದು 1998ರ ಹೊತ್ತಿಗೆ 50 ಆಯಿತು. ವೈದ್ಯರು ಇದನ್ನು ಗುರುತಿಸಿ ವರದಿ ಮಾಡಿದ್ದರಿಂದ ಅದೇ ವರ್ಷ ಎಂಡೋಸಲ್ಫಾನ್ ಕೂಡ ನಿಷೇಧವಾಯಿತು, ಮುಂದಿನ ಮೂರು ವರ್ಷಗಳಲ್ಲಿ ಆ ಸಾವುಗಳು ಮೂರಕ್ಕೆ ಇಳಿದವು. ಬಳಿಕ ಎರಡನೇ ವರ್ಗದ ಕೆಲವು ಉತ್ಪನ್ನಗಳು ಮುಂದೆ ಬಂದವು. ಆಸ್ಪತ್ರೆಯ ಲೆಕ್ಕ ನೋಡಿ 2008ರಿಂದ 2011ರವರೆಗೆ ಇನ್ನೂ ಮೂರನ್ನು ಹಂತಹಂತವಾಗಿ ತೆಗೆದರು.

ಈ ಇತಿಹಾಸದಲ್ಲಿ ಯೋಜಕರು ಗಮನಿಸಬೇಕಾದ್ದು ಆ 1994-1998ರ ನಡುವಿನ ಕಾಲ. ನಿಷೇಧ ಮಾಡಿ ಕಣ್ಣು ಮುಚ್ಚಿಕೊಂಡಿದ್ದರೆ ಎಂಡೋಸಲ್ಫಾನ್ ಸಾವುಗಳು ಒಟ್ಟು ಅಂಕಿಯೊಳಗೆ ಕರಗಿ ಹೋಗುತ್ತಿದ್ದವು, 'ನಿಷೇಧದಿಂದ ಏನೂ ಆಗಲಿಲ್ಲ' ಎಂಬ ತೀರ್ಮಾನಕ್ಕೆ ಬರುತ್ತಿದ್ದರು. ಹಾಗಾಗದಂತೆ ಕಾಪಾಡಿದ್ದು ಉತ್ಪನ್ನದ ಹೆಸರು ಬರೆದಿಟ್ಟ ದಾಖಲೆ.

ಇಳಿಕೆಗೆ ಬೇರೆ ಕಾರಣವಿರಬಹುದೇ ಎಂದೂ ಸಂಶೋಧಕರು ನೋಡಿದ್ದಾರೆ. ನಿರುದ್ಯೋಗ, ಮದ್ಯದ ಬಳಕೆ, ವಿಚ್ಛೇದನ, ಯುದ್ಧದ ವರ್ಷಗಳು ಯಾವುದೂ ಈ ಇಳಿಕೆಯ ಏರಿಳಿತಕ್ಕೆ ಹೊಂದಲಿಲ್ಲ. ಬೇರೆ ದೇಶಗಳಲ್ಲೂ ಇದೇ ಗತಿ. ಬಾಂಗ್ಲಾದೇಶ 2000ದಲ್ಲಿ ಒಂದನೇ ವರ್ಗದ ಉತ್ಪನ್ನಗಳನ್ನು ತೆಗೆದ ನಂತರ ಪೀಡೆನಾಶಕ ಆತ್ಮಹತ್ಯೆ ಲಕ್ಷಕ್ಕೆ 6.3 ಇದ್ದದ್ದು (1996) 2.2ಕ್ಕೆ (2014) ಇಳಿಯಿತು. ದಕ್ಷಿಣ ಕೊರಿಯಾ 2011-12ರಲ್ಲಿ ಒಂದೇ ಒಂದು ಕಳೆನಾಶಕವನ್ನು ನಿಲ್ಲಿಸಿ ಎರಡು ವರ್ಷಗಳಲ್ಲಿ ಪೀಡೆನಾಶಕ ಆತ್ಮಹತ್ಯೆಯನ್ನು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಸಿತು. ರಾಷ್ಟ್ರೀಯ ನಿಷೇಧಗಳ ಅಧ್ಯಯನಗಳನ್ನು 2017ರಲ್ಲಿ ಒಟ್ಟಿಗೆ ಪರಿಶೀಲಿಸಿದಾಗ ಆರು ದೇಶಗಳ ಪೈಕಿ ಐದರಲ್ಲಿ ಪೀಡೆನಾಶಕ ಸಾವು ಕಡಿಮೆಯಾಗಿತ್ತು. ಮಾರಾಟಕ್ಕೆ ಷರತ್ತು ಹಾಕುವ ಕ್ರಮಗಳಿಗೆ ಅಷ್ಟು ಸ್ಪಷ್ಟ ಫಲ ಕಾಣಲಿಲ್ಲ.

ನಿಷೇಧಿಸುವ ಅಧಿಕಾರ ಜಿಲ್ಲೆಗಿಲ್ಲ, ಅದು ದೇಶದ ಪೀಡೆನಾಶಕ ನೋಂದಣಿ ಪ್ರಾಧಿಕಾರದ ಕೈಯಲ್ಲಿದೆ. ಜಿಲ್ಲೆ ಮಾಡಬೇಕಾದ್ದು ಆ ಪ್ರಾಧಿಕಾರ ತಳ್ಳಿಹಾಕಲಾಗದಂಥ ಲೆಕ್ಕವನ್ನು ಅದರ ಮುಂದಿಡುವುದು. ಮುಂದಿನ ಹೆಜ್ಜೆಗಳೆಲ್ಲ ಅದಕ್ಕಾಗಿಯೇ.

ಮೊದಲ ಹೆಜ್ಜೆ: ದಾಖಲೆಯಲ್ಲಿ ಹೆಸರು ಬರುವಂತೆ ಮಾಡಿ

ಜಿಲ್ಲೆಯ ಯಾವುದೇ ತುರ್ತು ವಿಭಾಗದ ರಿಜಿಸ್ಟರ್ ತೆರೆದು ನೋಡಿ. 'ವಿಷ ಸೇವನೆ', 'ಅಪರಿಚಿತ ವಿಷ', ಹೆಚ್ಚೆಂದರೆ 'ಆರ್ಗನೋಫಾಸ್ಫೇಟ್ ವಿಷ' ಎಂದಿರುತ್ತದೆ. ಈ ಕೊನೆಯದು ಕೀಟನಾಶಕಗಳ ಒಂದು ಗುಂಪಿನ ಹೆಸರು, ಅದೂ ಅನೇಕ ವೇಳೆ ಲಕ್ಷಣ ನೋಡಿ ಮಾಡಿದ ಊಹೆ. ಚಿಕಿತ್ಸೆಗೆ ಅಷ್ಟು ಸಾಕಾಗಬಹುದು, ನಿಯಂತ್ರಣಕ್ಕೆ ಸಾಲದು, ಏಕೆಂದರೆ ಆ ಗುಂಪಿನೊಳಗೇ ಸಾವಿನ ಪ್ರಮಾಣ ಹತ್ತಾರು ಬಗೆ.

ರಿಜಿಸ್ಟರಿಗೆ ಬೇಕಾದ ಹೊಸ ಅಂಕಣಗಳು ಕೆಲವೇ: ಡಬ್ಬಿಯ ಮೇಲಿನ ಮಾರಾಟದ ಹೆಸರು, ಅದರ ಮೂಲ ರಾಸಾಯನಿಕ ಮತ್ತು ಶೇಕಡಾ ಸಾಂದ್ರತೆ, ಹೆಸರು ಹೇಗೆ ತಿಳಿಯಿತು ಎಂಬುದು, ಡಬ್ಬಿ ಬಂದದ್ದು ಎಲ್ಲಿಂದ, ರೋಗಿ ಕೊನೆಗೆ ಏನಾದರು. ಇಪ್ಪತ್ತು ಅಂಕಣಗಳ ನಮೂನೆ ಮಾಡಿದರೆ ರಾತ್ರಿ ಪಾಳಿಯ ನರ್ಸ್ ಅದನ್ನು ತುಂಬುವುದಿಲ್ಲ. ತುಂಬಿದರೂ ಮರುದಿನ ಬೆಳಿಗ್ಗೆ ಅಂದಾಜಿನಲ್ಲಿ ತುಂಬಿರುತ್ತಾರೆ.

'ಹೆಸರು ಹೇಗೆ ತಿಳಿಯಿತು' ಎಂಬ ಅಂಕಣವನ್ನು ಬಿಡಬೇಡಿ. ಡಬ್ಬಿಯನ್ನೇ ನೋಡಿ ಬರೆದದ್ದು, ಮನೆಯವರು ಹೇಳಿದ್ದು, ವೈದ್ಯರು ಊಹಿಸಿದ್ದು, ಈ ಮೂರಕ್ಕೂ ಬೇರೆ ಬೇರೆ ಬೆಲೆ. ಪ್ರಾಧಿಕಾರದ ಮುಂದೆ ಕಂಪನಿಗಳ ಪ್ರತಿನಿಧಿಗಳು ಮೊದಲು ಕೆದಕುವುದು ಇದನ್ನೇ. ಡಬ್ಬಿ ತರಿಸಲು ಸುಲಭದ ದಾರಿಯಿದೆ. ಆಂಬುಲೆನ್ಸ್ ಸಿಬ್ಬಂದಿಗೂ ಹಳ್ಳಿಯ ಆರೋಗ್ಯ ಕಾರ್ಯಕರ್ತರಿಗೂ 'ಡಬ್ಬಿಯನ್ನು ಮುಚ್ಚಳ ಬಿಗಿದು ಚೀಲದಲ್ಲಿ ತನ್ನಿ, ತರಲಾಗದಿದ್ದರೆ ಲೇಬಲ್ಲಿನ ಫೋಟೊ ತೆಗೆಯಿರಿ' ಎಂದು ಹೇಳಿಕೊಡಿ. ಕೆಲವರು ಡಬ್ಬಿ ಕೊಟ್ಟರೆ ಪೊಲೀಸ್ ತೊಂದರೆಯಾಗುತ್ತದೆಂದು ಹೆದರಿ ಎಸೆದುಬಿಡುತ್ತಾರೆ. ಶ್ರೀಲಂಕಾದಲ್ಲಿ ಆತ್ಮಹತ್ಯೆ ಯತ್ನವನ್ನು ಅಪರಾಧದ ಪಟ್ಟಿಯಿಂದ 1998ರಲ್ಲಿ ತೆಗೆದರು. ಕಾನೂನು ಏನೇ ಇರಲಿ, ಡಬ್ಬಿ ಬೇಕಿರುವುದು ಚಿಕಿತ್ಸೆಗೆ ಎಂದು ಮನೆಯವರಿಗೆ ತುರ್ತು ವಿಭಾಗದಲ್ಲೇ ಹೇಳಬೇಕು, ಮತ್ತು ಅದು ನಿಜವೂ ಹೌದು.

ಮಾರಾಟದ ಹೆಸರಿನಿಂದ ಮೂಲ ರಾಸಾಯನಿಕ ಹುಡುಕುವುದು ತಲೆನೋವಿನ ಕೆಲಸ. ಒಂದೇ ರಾಸಾಯನಿಕ ಹತ್ತಾರು ಹೆಸರಲ್ಲಿ ಮಾರಾಟವಾಗುತ್ತದೆ, ಹೆಚ್ಚುಕಡಿಮೆ ಒಂದೇ ಹೆಸರಿನ ಎರಡು ಡಬ್ಬಿಗಳಲ್ಲಿ ಬೇರೆ ಬೇರೆ ರಾಸಾಯನಿಕ ಇರುವುದೂ ಉಂಟು. ಇದನ್ನು ವೈದ್ಯರ ಮೇಲೆ ಹೊರಿಸಬೇಡಿ. ಜಿಲ್ಲೆಯಲ್ಲಿ ಮಾರಾಟವಾಗುವ ಎಲ್ಲ ಹೆಸರುಗಳ ಪಟ್ಟಿಯನ್ನು ಕೃಷಿ ಇಲಾಖೆಯಿಂದ ಒಮ್ಮೆ ತರಿಸಿ, ಪಕ್ಕದಲ್ಲಿ ಮೂಲ ರಾಸಾಯನಿಕ ಬರೆಸಿ, ಪ್ರತಿ ಬಿತ್ತನೆ ಹಂಗಾಮಿಗೂ ಮುನ್ನ ಹೊಸತುಗಳನ್ನು ಸೇರಿಸಿ.

ಎರಡನೇ ಹೆಜ್ಜೆ: ಆಸ್ಪತ್ರೆಗೆ ಬಾರದ ಸಾವುಗಳನ್ನು ಸೇರಿಸಿ

ಅತಿ ವೇಗವಾಗಿ ಕೊಲ್ಲುವ ಉತ್ಪನ್ನ ಸೇವಿಸಿದವರು ಆಸ್ಪತ್ರೆ ತಲುಪುವ ಮೊದಲೇ ತೀರಿಕೊಂಡಿರುತ್ತಾರೆ. ಆಸ್ಪತ್ರೆಯ ಲೆಕ್ಕ ಮಾತ್ರ ನೋಡಿದರೆ ಅಂಥ ಉತ್ಪನ್ನ ಇದ್ದದ್ದಕ್ಕಿಂತ ಸಾಧುವಾಗಿ ಕಾಣುತ್ತದೆ. ಆದ್ದರಿಂದ ಮರಣೋತ್ತರ ಪರೀಕ್ಷೆಯ ದಾಖಲೆ ಮತ್ತು ಪೊಲೀಸ್ ದಾಖಲೆಗಳನ್ನು ಜೊತೆಗಿಡಬೇಕು. ವಿಧಿವಿಜ್ಞಾನ ಪ್ರಯೋಗಾಲಯದ ವರದಿ ಬರಲು ತಿಂಗಳುಗಳು ಬೇಕು, ಬಂದಾಗ ಅದು ಕಡತದೊಳಗೆ ಸೇರಿಹೋಗುತ್ತದೆ. ವರ್ಷಕ್ಕೆರಡು ಬಾರಿ ಒಬ್ಬರನ್ನು ಕಳಿಸಿ ಆ ವರದಿಗಳಿಂದ ರಾಸಾಯನಿಕದ ಹೆಸರನ್ನಷ್ಟೇ ಎತ್ತಿ ತರಿಸಿದರೆ 'ಅಪರಿಚಿತ' ಎಂಬ ಸಾಲು ಗಣನೀಯವಾಗಿ ಕುಗ್ಗುತ್ತದೆ.

ಇದಕ್ಕೆ ವಿರುದ್ಧವಾದ ತಪ್ಪೂ ಇದೆ. ತಾಲೂಕು ಆಸ್ಪತ್ರೆಯಿಂದ ಜಿಲ್ಲಾ ಆಸ್ಪತ್ರೆಗೆ ಹೋದ ರೋಗಿ ಎರಡೂ ಕಡೆ ಎಣಿಕೆಯಾಗುತ್ತಾರೆ. ಸಾವು ಮಾತ್ರ ಒಂದೇ ಕಡೆ ದಾಖಲಾಗುತ್ತದೆ, ಹೀಗಾಗಿ ಪ್ರಮಾಣ ಇರುವುದಕ್ಕಿಂತ ಕಡಿಮೆ ಕಾಣುತ್ತದೆ. ಕಳಿಸುವ ಪತ್ರದಲ್ಲಿ ಮೊದಲ ಆಸ್ಪತ್ರೆಯ ನೋಂದಣಿ ಸಂಖ್ಯೆ ಬರೆಯುವ ಪದ್ಧತಿ ತಂದರೆ ಈ ಗೊಂದಲ ತಪ್ಪುತ್ತದೆ.

ಮೂರನೇ ಹೆಜ್ಜೆ: ಲೆಕ್ಕ ಹಾಕಿ

ಲೆಕ್ಕ ತೋರಿಸಲು ಒಂದು ಕಾಲ್ಪನಿಕ ಜಿಲ್ಲೆ ತೆಗೆದುಕೊಳ್ಳೋಣ. ಮೂರು ವರ್ಷಗಳಲ್ಲಿ ಪೀಡೆನಾಶಕ ಸೇವಿಸಿದ 900 ಪ್ರಕರಣ, 108 ಸಾವು. ಅಂದರೆ ಒಟ್ಟಾರೆ ನೂರಕ್ಕೆ 12. ರಾಸಾಯನಿಕದ ಪ್ರಕಾರ ಬಿಡಿಸಿದಾಗ ಹೀಗೆ ಬಂತೆಂದುಕೊಳ್ಳಿ. ಉತ್ಪನ್ನಗಳ ಹೆಸರಿನ ಬದಲು ಅಕ್ಷರ ಬಳಸಿದ್ದೇನೆ, ಕಾರಣ ಆಮೇಲೆ ಹೇಳುತ್ತೇನೆ.

| ಉತ್ಪನ್ನ | ಪ್ರಕರಣ | ಸಾವು | ನೂರಕ್ಕೆ |
|---|---|---|---|
| ಅ | 300 | 12 | 4 |
| ಆ | 240 | 12 | 5 |
| ಇ | 120 | 30 | 25 |
| ಈ | 60 | 27 | 45 |
| ಅಪರಿಚಿತ | 180 | 27 | 15 |

ಆಸ್ಪತ್ರೆಯಲ್ಲಿ ಕೆಲಸ ಮಾಡುವವರನ್ನು ಕೇಳಿದರೆ 'ಇಲ್ಲಿ ಸಮಸ್ಯೆಯೇ ಅ' ಎನ್ನುತ್ತಾರೆ, ಏಕೆಂದರೆ ಅವರು ದಿನವೂ ನೋಡುವುದು ಅದನ್ನೇ. ಪಟ್ಟಿ ಬೇರೆ ಕಥೆ ಹೇಳುತ್ತದೆ. ಇ ಮತ್ತು ಈ ಸೇರಿ ಪ್ರಕರಣಗಳಲ್ಲಿ ಐದನೇ ಒಂದು ಪಾಲು ಮಾತ್ರ, 180. ಆದರೆ ಸಾವಿನಲ್ಲಿ ಅರ್ಧಕ್ಕಿಂತ ಹೆಚ್ಚು, 57.

ಈಗ ಮುಖ್ಯ ಪ್ರಶ್ನೆ. ಈ ಎರಡೂ ಅಂಗಡಿಯಲ್ಲಿ ಇರದಿದ್ದರೆ ಏನಾಗುತ್ತಿತ್ತು? ಆ 180 ಜನರೂ ಯತ್ನಿಸುತ್ತಿದ್ದರು ಎಂದೇ ಕಠಿಣವಾಗಿ ಊಹಿಸಿಕೊಳ್ಳೋಣ, ಆದರೆ ಅವರ ಕೈಗೆ ಸಿಗುತ್ತಿದ್ದದ್ದು ಅ ಅಥವಾ ಆ. ಅವೆರಡರ ಒಟ್ಟು ಪ್ರಮಾಣ 540ಕ್ಕೆ 24, ಅಂದರೆ ನೂರಕ್ಕೆ 4.4. ಆ ಲೆಕ್ಕದಲ್ಲಿ 180 ಜನರಲ್ಲಿ ಸಾಯುತ್ತಿದ್ದವರು ಸುಮಾರು 8. ಸತ್ತವರು 57. ವ್ಯತ್ಯಾಸ 49. ಒಬ್ಬರ ಯತ್ನವೂ ತಪ್ಪದೆ, ಒಂದು ಹೊಸ ಹಾಸಿಗೆಯೂ ಇಲ್ಲದೆ, ಜಿಲ್ಲೆಯ ಪೀಡೆನಾಶಕ ಸಾವುಗಳಲ್ಲಿ ಶೇ. 45 ಇಲ್ಲವಾಗುತ್ತಿದ್ದವು. ಪ್ರಾಧಿಕಾರಕ್ಕೆ ಬರೆಯುವ ಪತ್ರದ ಮೊದಲ ಪ್ಯಾರಾದಲ್ಲಿ ಈ ಲೆಕ್ಕವೇ ಇರಬೇಕು.

ಲೆಕ್ಕದ ಮಿತಿಗಳನ್ನೂ ಅದೇ ಪತ್ರದಲ್ಲಿ ಬರೆಯಿರಿ. ಐದು ಪ್ರಕರಣ, ಎರಡು ಸಾವು ಇರುವ ಉತ್ಪನ್ನಕ್ಕೆ 'ನೂರಕ್ಕೆ 40' ಎಂದು ಬರೆದರೆ ಪಟ್ಟಿಯ ಉಳಿದ ಸಾಲುಗಳ ಮೇಲೂ ನಂಬಿಕೆ ಹೋಗುತ್ತದೆ. ಮೂವತ್ತಕ್ಕಿಂತ ಕಡಿಮೆ ಪ್ರಕರಣವಿರುವುದನ್ನು 'ಇತರೆ' ಎಂದು ಒಟ್ಟುಗೂಡಿಸಿ, ಪಕ್ಕದ ಜಿಲ್ಲೆಗಳ ಅಂಕಿ ಸೇರಿಸಿದ ಮೇಲೆ ಬಿಡಿಸಿ ನೋಡಿ. ಮೂವತ್ತು ಎಂಬುದು ನನ್ನ ರೂಢಿ, ನಿಯಮವಲ್ಲ. 'ಅಪರಿಚಿತ' ಸಾಲು ಒಟ್ಟು ಪ್ರಕರಣಗಳ ಮೂರನೇ ಒಂದು ಭಾಗ ದಾಟಿದ್ದರೆ ಪಟ್ಟಿಯನ್ನು ಕಳಿಸಬೇಡಿ, ಮೊದಲ ಹೆಜ್ಜೆಗೆ ಹಿಂದಿರುಗಿ.

ಹೆಸರಿನ ವಿಷಯ. ಯಾವ ಉತ್ಪನ್ನ ನೂರಕ್ಕೆ ಎಷ್ಟು ಜನರನ್ನು ಕೊಲ್ಲುತ್ತದೆ ಎಂಬ ಪಟ್ಟಿ ಪ್ರಾಧಿಕಾರ, ಕೃಷಿ ಇಲಾಖೆ ಮತ್ತು ಆಸ್ಪತ್ರೆಗಳ ನಡುವೆ ಇರಬೇಕು. ಪತ್ರಿಕಾ ಹೇಳಿಕೆಯಲ್ಲಿ, ಗೋಡೆ ಬರಹದಲ್ಲಿ, ಜಾಗೃತಿ ಕಾರ್ಯಕ್ರಮದಲ್ಲಿ ಅದು ಬರಕೂಡದು. ಹಿಂಜರಿಯುತ್ತಿರುವ ಒಬ್ಬರಿಗೆ ಅದು ಕೈಪಿಡಿಯಾಗಬಹುದು. ಕೆಲಸಕ್ಕೆ ಹೆಸರು ಬೇಕಾದ ಅಧಿಕಾರಿಗಳಿಗೆ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಆಹಾರ ಮತ್ತು ಕೃಷಿ ಸಂಸ್ಥೆ ಸೇರಿ 2019ರಲ್ಲಿ ಪೀಡೆನಾಶಕ ನಿಯಂತ್ರಕರಿಗಾಗಿ ಹೊರತಂದ ಕೈಪಿಡಿ ಇದೆ.

ನಾಲ್ಕನೇ ಹೆಜ್ಜೆ: ಕೃಷಿಯವರನ್ನು ಜೊತೆಗೆ ಕರೆದುಕೊಂಡು ಹೋಗಿ

ಆರೋಗ್ಯ ಇಲಾಖೆ ಒಂದೇ ಕಳಿಸಿದ ಪತ್ರ ಸಾಮಾನ್ಯವಾಗಿ ಒಂದು ವಾಕ್ಯದ ಉತ್ತರದಿಂದ ಮುಗಿಯುತ್ತದೆ: ಈ ಉತ್ಪನ್ನ ಇಲ್ಲದಿದ್ದರೆ ಬೆಳೆ ಹೋಗುತ್ತದೆ. ಈ ಆಕ್ಷೇಪವನ್ನು ಮೊದಲೇ ನಿಭಾಯಿಸಬೇಕು. ಜಿಲ್ಲೆಯ ಕೃಷಿ ಅಧಿಕಾರಿಯೊಂದಿಗೆ ಕುಳಿತು, ಇ ಮತ್ತು ಈ ಯಾವ ಬೆಳೆಗೆ, ಯಾವ ಕೀಟ ಅಥವಾ ಕಳೆಗೆ ಬಳಕೆಯಾಗುತ್ತಿವೆ, ಅದೇ ಕೆಲಸ ಮಾಡುವ, ಕಡಿಮೆ ಜನರನ್ನು ಕೊಲ್ಲುವ ಬದಲಿ ಯಾವುದು, ಅದರ ಬೆಲೆ ರೈತನಿಗೆ ಎಷ್ಟು ಹೆಚ್ಚಾಗುತ್ತದೆ ಎಂದು ಒಂದು ಪುಟದಲ್ಲಿ ಬರೆಸಿ. ಬದಲಿಯ ಸಾವಿನ ಪ್ರಮಾಣವನ್ನು ನಿಮ್ಮದೇ ಪಟ್ಟಿಯಲ್ಲಿ ನೋಡಿ. ಇಲ್ಲದಿದ್ದರೆ ಎಂಡೋಸಲ್ಫಾನಿನ ಕಥೆ ಮರುಕಳಿಸುತ್ತದೆ.

ಶ್ರೀಲಂಕಾದಲ್ಲಿ ನಿಷೇಧದ ನಂತರದ ಭತ್ತ ಮತ್ತು ತರಕಾರಿ ಇಳುವರಿಯನ್ನು ಪರಿಶೀಲಿಸಿದಾಗ ಕುಸಿತ ಕಾಣಲಿಲ್ಲ. ಬಾಂಗ್ಲಾದೇಶ, ಕೊರಿಯಾಗಳಲ್ಲೂ ಅಷ್ಟೇ. ಆದರೆ ಸಭೆಯಲ್ಲಿ ಯಾರಾದರೂ 2021ರ ಶ್ರೀಲಂಕಾವನ್ನು ಎತ್ತಿಯೇ ಎತ್ತುತ್ತಾರೆ. ಆ ವರ್ಷ ಅಲ್ಲಿನ ಸರ್ಕಾರ ರಾಸಾಯನಿಕ ಗೊಬ್ಬರ ಮತ್ತು ಪೀಡೆನಾಶಕಗಳ ಆಮದನ್ನೇ ಏಕಾಏಕಿ ನಿಲ್ಲಿಸಿತು. ಭತ್ತದ ಇಳುವರಿ ಬಿದ್ದು, ನವೆಂಬರಿನಲ್ಲಿ ಆದೇಶ ಹಿಂಪಡೆಯಬೇಕಾಯಿತು. ಅದು ಎಲ್ಲವನ್ನೂ ಒಮ್ಮೆಗೇ, ಬದಲಿಯಿಲ್ಲದೆ ತೆಗೆದ ಕ್ರಮ, ಉದ್ದೇಶವೂ ಆತ್ಮಹತ್ಯೆ ತಡೆಯಾಗಿರಲಿಲ್ಲ. ನೀವು ಕೇಳುತ್ತಿರುವುದು ನೂರಾರು ಉತ್ಪನ್ನಗಳ ಪೈಕಿ ಎರಡನ್ನು, ಬದಲಿ ತೋರಿಸಿ, ಹಂಗಾಮು ನೋಡಿ ತೆಗೆಯಿರಿ ಎಂದು. ಈ ವ್ಯತ್ಯಾಸವನ್ನು ಪತ್ರದಲ್ಲೇ ಬರೆದುಬಿಟ್ಟರೆ ಸಭೆಯ ಅರ್ಧ ಗಂಟೆ ಉಳಿಯುತ್ತದೆ.

ಐದನೇ ಹೆಜ್ಜೆ: ಆದೇಶ ಬಂದ ಮೇಲಿನ ತಿಂಗಳುಗಳು

ನಿಷೇಧದ ಆದೇಶ ಬಂದ ದಿನ ಅಂಗಡಿಗಳಲ್ಲಿ ದಾಸ್ತಾನು ಇರುತ್ತದೆ, ಮನೆಗಳಲ್ಲಿ ಅರ್ಧ ಖಾಲಿಯಾದ ಡಬ್ಬಿಗಳಿರುತ್ತವೆ. ದಾಸ್ತಾನು ಮುಗಿಸಲು ಬಿಟ್ಟ ಗಡುವಿನಲ್ಲಿ ಅಂಗಡಿಯವರು ರಿಯಾಯಿತಿ ಕೊಟ್ಟು ಮಾರಿಬಿಡುತ್ತಾರೆ, ಆಗ ಅಪಾಯ ಅಂಗಡಿಯಿಂದ ಮನೆಗೆ ದಾಟುತ್ತದೆ. ಗಡುವಿನ ಬದಲು ತಯಾರಕರು ಹಿಂಪಡೆಯುವ ವ್ಯವಸ್ಥೆಯನ್ನು ಆದೇಶದಲ್ಲೇ ಕೇಳಿ. ಮನೆಯಲ್ಲಿರುವುದನ್ನು ಪ್ರಶ್ನೆ ಕೇಳದೆ ಒಪ್ಪಿಸಿಕೊಳ್ಳುವ ದಿನಗಳನ್ನು ಕೃಷಿ ಇಲಾಖೆ ನಡೆಸಲಿ. ಸಂಗ್ರಹಿಸಿದ್ದನ್ನು ಎಲ್ಲಿಡುತ್ತೀರಿ, ಹೇಗೆ ನಾಶ ಮಾಡುತ್ತೀರಿ ಎಂಬುದು ಮೊದಲೇ ತೀರ್ಮಾನವಾಗಿರಬೇಕು. ಇಲ್ಲದಿದ್ದರೆ ಇಲಾಖೆಯ ಗೋದಾಮೇ ಹೊಸ ಅಪಾಯವಾಗುತ್ತದೆ.

ದೇಶದ ಗಡಿಯಾಚೆ ಅದೇ ಉತ್ಪನ್ನ ಸಿಗುತ್ತಿದ್ದರೆ ಕದ್ದು ಬರುತ್ತದೆ. ಆಸ್ಪತ್ರೆಯ ರಿಜಿಸ್ಟರಿನಲ್ಲಿ ನಿಷೇಧಿತ ಹೆಸರು ಕಾಣಿಸಿದ ಪ್ರತಿ ಸಲವೂ 'ಡಬ್ಬಿ ಬಂದದ್ದು ಎಲ್ಲಿಂದ' ಅಂಕಣ ನೋಡಿ. ತಯಾರಿಕೆಯ ದಿನಾಂಕ ಆದೇಶಕ್ಕಿಂತ ಹಳೆಯದಾದರೆ ಅದು ಮನೆಯ ಹಳೆ ದಾಸ್ತಾನು, ಹೊಸದಾದರೆ ಕಳ್ಳ ಮಾರಾಟ. ಮೊದಲನೆಯದಕ್ಕೆ ಸಂಗ್ರಹ ದಿನ, ಎರಡನೆಯದಕ್ಕೆ ತಪಾಸಣೆ.

ಅಂಗಡಿಯ ವಿಷಯದಲ್ಲಿ ಇನ್ನೊಂದು ಮಾತು. ಶ್ರೀಲಂಕಾದ ಅಧ್ಯಯನಗಳ ಪ್ರಕಾರ, ಸೇವಿಸಲೆಂದೇ ಅಂಗಡಿಯಿಂದ ಕೊಂಡವರು ಹೆಚ್ಚುಕಡಿಮೆ ಐದರಿಂದ ಏಳು ಜನರಲ್ಲಿ ಒಬ್ಬರು. ಕುಡಿದು ಬಂದವರಿಗೆ, ಬೆಳೆ ಯಾವುದೆಂದು ಹೇಳಲಾಗದವರಿಗೆ ಆ ದಿನ ಮಾರದಿರಲು ಅಂಗಡಿಯವರಿಗೆ ತರಬೇತಿ ಕೊಡುವುದು ಒಳ್ಳೆಯದೇ. ಆದರೆ ಅದರಿಂದ ಜಿಲ್ಲೆಯ ಸಾವು ಇಳಿಯುತ್ತದೆಂದು ಯೋಜನೆಯಲ್ಲಿ ಬರೆದುಕೊಡಬೇಡಿ.

ಪೀಡೆನಾಶಕದಾಚೆ

ಬೇರೆ ಸಾಧನಗಳಿಗೂ ತರ್ಕ ಇದೇ, ಎಲ್ಲಕ್ಕೂ ಒಂದೇ ಬಲದಿಂದ ಅನ್ವಯಿಸದು. ಬ್ರಿಟನ್ನಿನಲ್ಲಿ 1960ರ ದಶಕದಲ್ಲಿ ಅಡುಗೆ ಅನಿಲದಲ್ಲಿನ ಕಾರ್ಬನ್ ಮಾನಾಕ್ಸೈಡ್ ಕಡಿಮೆಯಾದಂತೆ ಒಟ್ಟು ಆತ್ಮಹತ್ಯೆಯೇ ಸುಮಾರು ಮೂರನೇ ಒಂದರಷ್ಟು ಇಳಿಯಿತು. ಅಲ್ಲೇ 1998ರಲ್ಲಿ ಪ್ಯಾರಾಸಿಟಮಾಲ್ ಪೊಟ್ಟಣದ ಗಾತ್ರ ಚಿಕ್ಕದು ಮಾಡಿದ ನಂತರದ ಹನ್ನೊಂದು ವರ್ಷಗಳಲ್ಲಿ ಆ ಮಾತ್ರೆಯಿಂದಾದ ಸಾವು ಶೇ. 43 ಕಡಿಮೆಯಾಯಿತು. ಸೇತುವೆ, ಎತ್ತರದ ಕಟ್ಟಡಗಳಿಗೆ ತಡೆಗೋಡೆ ಕಟ್ಟಿದ ಜಾಗಗಳಲ್ಲೂ ಸಾವು ಇಳಿದಿದೆ, ಮತ್ತು ಜಿಲ್ಲೆಯಲ್ಲಿ ಅಂಥ ಜಾಗ ಸಾಮಾನ್ಯವಾಗಿ ಒಂದೋ ಎರಡೋ, ಪೊಲೀಸರಿಗೆ ಗೊತ್ತಿರುತ್ತದೆ. ನೇಣಿನ ವಿಷಯದಲ್ಲಿ ಮಾತ್ರ ಸಾಧನ ನಿಯಂತ್ರಣ ಆಸ್ಪತ್ರೆಯ ವಾರ್ಡು, ಜೈಲು, ಠಾಣೆಯಂಥ ಮುಚ್ಚಿದ ಜಾಗಗಳನ್ನು ಬಿಟ್ಟು ಹೊರಗೆ ಹೆಚ್ಚು ಸಾಧಿಸದು. ಜಿಲ್ಲೆಯ ಸಾವುಗಳಲ್ಲಿ ಬಹುಪಾಲು ಅದೇ ಆಗಿದ್ದರೆ ಈ ಮಾರ್ಗದರ್ಶಿ ನಿಮಗೆ ಉತ್ತರ ಕೊಡುವುದಿಲ್ಲ, ಹಣ ಬೇರೆಡೆ ಹೋಗಬೇಕು.

ಆರನೇ ಹೆಜ್ಜೆ: ಸರಿಯಾದ ಅಂಕಿಯನ್ನು ನೋಡಿ

ನಿಷೇಧದ ಮರುವರ್ಷ ಆಸ್ಪತ್ರೆಗೆ ಬರುವ ವಿಷ ಪ್ರಕರಣಗಳ ಸಂಖ್ಯೆ ಇಳಿಯದೆ ಇರಬಹುದು, ಏರಲೂಬಹುದು. ಶ್ರೀಲಂಕಾದಲ್ಲಿ ಸಾವು ಇಳಿಯುತ್ತಿದ್ದ ವರ್ಷಗಳಲ್ಲೇ ಆಸ್ಪತ್ರೆ ದಾಖಲಾತಿ ಏರುತ್ತಿತ್ತು. ಇದನ್ನು ಸೋಲೆಂದು ಓದಿದರೆ ದೊಡ್ಡ ತಪ್ಪಾಗುತ್ತದೆ. ಹಿಂದೆ ದಾರಿಯಲ್ಲೇ ಸಾಯುತ್ತಿದ್ದವರು ಈಗ ಆಸ್ಪತ್ರೆಗೆ ಜೀವಂತ ಬರುತ್ತಿದ್ದಾರೆ, ಜೊತೆಗೆ ಕಡಿಮೆ ಅಪಾಯದ ಔಷಧಿ ಮಾತ್ರೆ ಸೇವಿಸಿ ಬರುವವರೂ ಹೆಚ್ಚುತ್ತಿದ್ದಾರೆ. ನೋಡಬೇಕಾದ ಅಂಕಿಗಳು ಎರಡು: ಜಿಲ್ಲೆಯ ಒಟ್ಟು ಆತ್ಮಹತ್ಯೆ ಸಾವುಗಳು ಎಲ್ಲ ವಿಧಾನ ಸೇರಿಸಿ, ಮತ್ತು ವಿಷ ಸೇವಿಸಿದ ನೂರು ಜನರಲ್ಲಿ ಸತ್ತವರು ಎಷ್ಟು. ಮೊದಲನೆಯದು ಇಳಿಯದೆ ಎರಡನೆಯದು ಮಾತ್ರ ಇಳಿದರೆ ಬೇರೆ ವಿಧಾನಕ್ಕೆ ಪಲ್ಲಟವಾಗುತ್ತಿದೆಯೇ ಎಂದು ಮರಣೋತ್ತರ ದಾಖಲೆಯಲ್ಲಿ ಹುಡುಕಿ.

ಬದುಕುಳಿದು ಮನೆಗೆ ಹೋಗುವವರ ಸಂಖ್ಯೆ ಹೆಚ್ಚುವುದರಿಂದ ಬಿಡುಗಡೆಯ ದಿನದ ಕೆಲಸವೂ ಹೆಚ್ಚುತ್ತದೆ. ಮುಂದಿನ ಭೇಟಿಯ ದಿನಾಂಕ, ಮನೆಯಲ್ಲಿ ಉಳಿದ ಡಬ್ಬಿಯನ್ನು ಯಾರು ತೆಗೆಯುತ್ತಾರೆ ಎಂಬ ಮಾತು, ಸಹಾಯವಾಣಿಯ ಸಂಖ್ಯೆ (ಭಾರತದಲ್ಲಿ ಟೆಲಿ-ಮಾನಸ್ 14416) ಇವು ಬಿಡುಗಡೆ ಚೀಟಿಯಲ್ಲೇ ಇರಲಿ.

ಉತ್ಪನ್ನದ ಪಟ್ಟಿಯನ್ನು ಮೂರು ತಿಂಗಳಿಗೊಮ್ಮೆ ಹೊಸದಾಗಿ ತುಂಬಿ, ಹಿಂದಿನದರ ಪಕ್ಕದಲ್ಲಿಟ್ಟು ನೋಡಿ. ಹಿಂದೆ 'ಇತರೆ' ಗುಂಪಿನಲ್ಲಿದ್ದ ಒಂದು ಹೆಸರು ಸತತ ಎರಡು ಬಾರಿ ಪ್ರಕರಣದಲ್ಲೂ ಸಾವಿನಲ್ಲೂ ಮೇಲೇರಿದ್ದರೆ, ವರ್ಷಾಂತ್ಯದ ವರದಿಗೆ ಕಾಯದೆ ಆ ವಾರವೇ ಕೃಷಿ ಅಧಿಕಾರಿಯನ್ನು ಕರೆಸಿ ಅದು ಯಾವ ಬೆಳೆಗೆ ಹೊಸದಾಗಿ ಮಾರಾಟವಾಗುತ್ತಿದೆ ಎಂದು ಕೇಳಿ, ಪ್ರಾಧಿಕಾರಕ್ಕೆ ಮುಂದಿನ ಪತ್ರ ಬರೆಯಲು ಆರಂಭಿಸಿ.